ಚಾರ್ಟಿನ ಮನೆಗಳಿಂದ ಸೂಚನೆಯ ಸಾಲುಗಳಿಗೆ

ಸ್ವೆಟರಿನ ಎದೆಯ ಮೇಲೆ ಒಂದು ಮಾವಿನಕಾಯಿ ಮೂಡಬೇಕು. ಅದರ ಚಾರ್ಟ್ ಮೊಬೈಲಿನಲ್ಲಿದೆ. ಯಾರೋ ಕಳಿಸಿದ ಸ್ಕ್ರೀನ್‌ಶಾಟ್. ಚೌಕುಳಿ ಹಾಳೆಯ ಮೇಲೆ ಕೆಲವು ಮನೆಗಳು ಕೆಂಪು, ಉಳಿದವು ಬಿಳಿ. ನೋಡಲು ಇದಕ್ಕಿಂತ ಸುಲಭವಾದದ್ದಿಲ್ಲ. ಆದರೆ ಎರಡೂ ಕೈಯಲ್ಲಿ ಕಡ್ಡಿ, ಮಡಿಲಲ್ಲಿ ಎರಡು ಉಂಡೆ ಉಲ್ಲನ್ ಇಟ್ಟುಕೊಂಡು ಕೂತಾಗ ಪರದೆ ಆರಿಹೋಗುತ್ತದೆ, ಬೆರಳು ತಗುಲಿ ಚಿತ್ರ ಜರುಗುತ್ತದೆ, ಎಷ್ಟನೇ ಸಾಲಿನಲ್ಲಿದ್ದೆವು ಎಂಬುದು ಮರೆಯುತ್ತದೆ. ಆಗ ಬೇಕಾಗುವುದು ಚಿತ್ರವಲ್ಲ. ‘ಮೂರನೇ ಸಾಲು: ಬಿಳಿ 2, ಕೆಂಪು 6, ಬಿಳಿ 1’ ಎಂಬಂಥ ಬರಹ.

ಇಂಥ ಬರಹ ಕೆಲವರಿಗೆ ಬರೀ ಅನುಕೂಲವಲ್ಲ, ಅದೊಂದೇ ದಾರಿ. ಕಣ್ಣು ಕಾಣದವರ ಮೊಬೈಲಿನಲ್ಲಿ ಅಕ್ಷರವನ್ನು ಓದಿ ಹೇಳುವ ತಂತ್ರಾಂಶ ಇರುತ್ತದೆ. ಸ್ಕ್ರೀನ್‌ಶಾಟ್ ಎದುರಾದಾಗ ಅದು ಹೆಚ್ಚಾಗಿ ‘ಚಿತ್ರ’ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ, ಮನೆಗಳನ್ನು ಎಣಿಸಿ ಕೊಡುವುದಿಲ್ಲ. ಅದೇ ವಿನ್ಯಾಸ ಸಾಲು ಸಾಲಾಗಿ ಬರೆದಿದ್ದರೆ ಅವರು ಕೇಳಿಸಿಕೊಂಡೇ ಹೆಣೆಯಬಲ್ಲರು. ಊರಿನಲ್ಲಿರುವ ಅತ್ತೆಗೆ ಫೋನಿನಲ್ಲಿ ಹೇಳಿ ಬರೆಸಬೇಕಾದವರಿಗೂ ಬೇಕಾದದ್ದು ಇದೇ.

ಬರೆಯುವಾಗ ಎಣಿಕೆ ತಪ್ಪುವುದು ಕಡಿಮೆ, ತಪ್ಪಿದರೂ ಬೇಗ ಸಿಕ್ಕಿಬೀಳುತ್ತದೆ. ಹೆಚ್ಚಾಗಿ ತಪ್ಪುವುದು ದಿಕ್ಕು. ಆದ್ದರಿಂದ ಮೊದಲು ದಿಕ್ಕಿನ ಲೆಕ್ಕ.

ಕೆಳಗಿನಿಂದ ಮೇಲಕ್ಕೆ, ಬಲದಿಂದ ಎಡಕ್ಕೆ

ಹೆಣಿಗೆಯ ಚಾರ್ಟಿನಲ್ಲಿ ಒಂದು ಮನೆ ಎಂದರೆ ಒಂದು ಕುಣಿಕೆ, ಅಡ್ಡಡ್ಡ ಇರುವ ಮನೆಗಳ ಒಂದು ಪಟ್ಟಿ ಎಂದರೆ ಒಂದು ಸಾಲು. ಬಟ್ಟೆ ಕಡ್ಡಿಯಿಂದ ಕೆಳಗೆ ಇಳಿಯುತ್ತಾ ಬೆಳೆಯುತ್ತದೆ. ಮೊದಲು ಹೆಣೆದ ಸಾಲು ಎಲ್ಲಕ್ಕಿಂತ ಕೆಳಗಿರುತ್ತದೆ. ಹಾಗಾಗಿ ಚಾರ್ಟಿನ ಮೊದಲ ಸಾಲೂ ಕೆಳಗಿನದೇ. ಪುಸ್ತಕ ಓದುವ ಅಭ್ಯಾಸದಲ್ಲಿ ಮೇಲಿನಿಂದ ಶುರು ಮಾಡಿದರೆ ಮಾವಿನಕಾಯಿ ತಲೆಕೆಳಗಾಗುತ್ತದೆ.

ಇನ್ನು ಅಡ್ಡ ದಿಕ್ಕು. ಬಲಗೈ ರೂಢಿಯವರು ಎಡಗಡ್ಡಿಯ ಕುಣಿಕೆಗಳನ್ನು ಒಂದೊಂದಾಗಿ ಬಲಗಡ್ಡಿಗೆ ದಾಟಿಸುತ್ತಾರೆ. ಎಡಗಡ್ಡಿಯ ತುದಿಗೆ ಮೊದಲು ಸಿಗುವುದು ಬಟ್ಟೆಯ ಬಲ ಅಂಚಿನ ಕುಣಿಕೆ. ಆದ್ದರಿಂದ ಮುಂಬದಿ ನಮ್ಮ ಕಡೆಗಿದ್ದಾಗ ಚಾರ್ಟನ್ನು ಬಲದಿಂದ ಎಡಕ್ಕೆ ಓದಬೇಕು. ಸಾಲು ಮುಗಿದ ಮೇಲೆ ಹೆಣಿಗೆಯನ್ನು ತಿರುಗಿಸುತ್ತೇವೆ, ಹಿಂಬದಿ ನಮ್ಮತ್ತ ಬರುತ್ತದೆ. ಚಾರ್ಟ್ ಮಾತ್ರ ತಿರುಗುವುದಿಲ್ಲ. ಅದು ಯಾವಾಗಲೂ ಮುಂಬದಿಯಿಂದ ಕಂಡ ನೋಟವನ್ನೇ ತೋರಿಸುತ್ತದೆ. ಹಾಗಾಗಿ ಹಿಂಬದಿಯ ಸಾಲನ್ನು ಎಡದಿಂದ ಬಲಕ್ಕೆ ಓದಬೇಕು. ಎತ್ತು ಒಂದು ಸಾಲು ಉತ್ತು ಬದುವಿನ ಹತ್ತಿರ ತಿರುಗಿ ಅಲ್ಲಿಂದಲೇ ಮುಂದಿನ ಸಾಲು ಹಿಡಿಯುವಂತೆ, ಕಣ್ಣೂ ಹೋಗಿ ತಿರುಗಿ ಬರಬೇಕು.

ಒಳ್ಳೆಯ ಚಾರ್ಟಿನಲ್ಲಿ ಇದರ ಸುಳಿವು ಅಂಚಿನಲ್ಲೇ ಇರುತ್ತದೆ. 1, 3, 5 ಎಂಬ ಬೆಸ ಸಂಖ್ಯೆಗಳು ಬಲ ಅಂಚಿನಲ್ಲೂ 2, 4, 6 ಎಂಬ ಸಮ ಸಂಖ್ಯೆಗಳು ಎಡ ಅಂಚಿನಲ್ಲೂ ಇದ್ದರೆ, ಸಂಖ್ಯೆ ಎಲ್ಲಿದೆಯೋ ಆ ಸಾಲು ಅಲ್ಲಿಂದ ಆರಂಭ ಎಂದರ್ಥ. ಎಲ್ಲ ಸಂಖ್ಯೆಗಳೂ ಬಲದಲ್ಲೇ ಇದ್ದರೆ ಅದು ಟೋಪಿ, ಕಾಲುಚೀಲಗಳಂತೆ ಸುತ್ತು ಹೆಣಿಗೆಯ ಚಾರ್ಟ್ ಇರಬೇಕು. ಅಲ್ಲಿ ಬಟ್ಟೆ ತಿರುಗುವುದೇ ಇಲ್ಲ, ಮುಂಬದಿ ಸದಾ ನಮ್ಮ ಎದುರಿಗೇ ಇರುತ್ತದೆ. ಪ್ರತಿ ಸಾಲನ್ನೂ ಬಲದಿಂದ ಎಡಕ್ಕೇ ಓದಬೇಕು. ಬಲಗಡ್ಡಿಯಿಂದ ಎಡಗಡ್ಡಿಗೆ ದಾಟಿಸಿ ಹೆಣೆಯುವ ಎಡಗೈಯವರಿಗೆ ಈ ದಿಕ್ಕುಗಳೆಲ್ಲ ಅದಲುಬದಲು.

ಸ್ಕ್ರೀನ್‌ಶಾಟಿನಲ್ಲಿ ಏನು ಕಳೆದುಹೋಗಿದೆ?

ಎಡವಟ್ಟು ಶುರುವಾಗುವುದು ಇಲ್ಲಿಂದ. ಸ್ಕ್ರೀನ್‌ಶಾಟ್ ತೆಗೆದವರು ಅಂದವಾಗಿ ಕಾಣಲೆಂದು ಅಂಚು ಕತ್ತರಿಸಿರುತ್ತಾರೆ. ಸಾಲಿನ ಸಂಖ್ಯೆಗಳು ಹೋಗುತ್ತವೆ. ಯಾವ ಗುರುತಿಗೆ ಯಾವ ಅರ್ಥ ಎಂದು ಹೇಳುವ ಪಟ್ಟಿ ಮೂಲದಲ್ಲಿ ಬೇರೆ ಪುಟದಲ್ಲಿದ್ದರೆ ಅದೂ ಹೋಗುತ್ತದೆ. ಉದ್ದನೆಯ ಚಾರ್ಟನ್ನು ಎರಡು ಮೂರು ತುಂಡಾಗಿ ತೆಗೆದಿದ್ದರೆ, ಒಂದು ತುಂಡಿನ ಮೇಲಿನ ಸಾಲುಗಳು ಇನ್ನೊಂದರ ಕೆಳಗೆ ಮತ್ತೆ ಬಂದಿರುತ್ತವೆ. ಅದನ್ನು ಗಮನಿಸದೆ ಬರೆದರೆ ಮಾವಿನಕಾಯಿಗೆ ಎರಡು ಸೊಂಟ.

ಆದ್ದರಿಂದ ಬರೆಯುವ ಮುನ್ನ ಚಿತ್ರವನ್ನು ಹಿಗ್ಗಿಸಿ ಮೂರು ಸಂಗತಿ ನೋಡಿಕೊಳ್ಳಬೇಕು. ನಾಲ್ಕೂ ಅಂಚಿನ ಮನೆಗಳು ಪೂರ್ತಿ ಇವೆಯೇ, ಅರ್ಧ ಕತ್ತರಿಸಿವೆಯೇ? ಪ್ರತಿ 5 ಅಥವಾ 10 ಮನೆಗೊಮ್ಮೆ ಬರುವ ದಪ್ಪ ಗೆರೆ ಇದೆಯೇ? ಇದ್ದರೆ ಎಣಿಕೆಗೆ ಅದೇ ಮೈಲುಗಲ್ಲು. ಮೂರನೆಯದು, ಬಣ್ಣಗಳು ಒಂದಕ್ಕೊಂದು ಬೆರೆತಿಲ್ಲ ತಾನೆ? ಹಲವು ಕೈ ದಾಟಿ ಬಂದ ಚಿತ್ರ ಪ್ರತಿ ಸಲವೂ ಸ್ವಲ್ಪ ಕುಗ್ಗಿರುತ್ತದೆ. ಮರೂನು ಮತ್ತು ಕಂದು ಒಂದೇ ಆಗಿರುತ್ತವೆ. ಮನೆಯೊಳಗಿನ ಸಣ್ಣ ಚುಕ್ಕಿ ಮಸುಕಾಗಿ ಖಾಲಿ ಮನೆಯಂತೆ ಕಾಣುತ್ತದೆ. ಹೀಗೆ ಅನುಮಾನ ಬಂದ ಮನೆಗಳನ್ನು ಊಹಿಸಿ ತುಂಬದೆ, ಪಕ್ಕದಲ್ಲಿ ಗುರುತು ಹಾಕಿಟ್ಟು ಕೊನೆಯಲ್ಲಿ ವಿನ್ಯಾಸದ ಬೇರೆ ಕಡೆ ಅದೇ ಆಕಾರ ಮರುಕಳಿಸಿದೆಯೇ ಎಂದು ನೋಡಿ ತೀರ್ಮಾನಿಸಬೇಕು.

ಪರದೆಯಿಂದ ನೇರವಾಗಿ ವಾಕ್ಯಕ್ಕೆ ಹೋಗುವುದಕ್ಕಿಂತ ಲೆಕ್ಕದ ಚೌಕುಳಿ ಪುಸ್ತಕದಲ್ಲಿ ಒಮ್ಮೆ ಮನೆಗಳನ್ನು ತುಂಬಿ, ಪಕ್ಕದಲ್ಲಿ ಸಾಲಿನ ಸಂಖ್ಯೆ ಬರೆದುಕೊಂಡರೆ ಒಳ್ಳೆಯದು. ಎರಡು ಕೆಲಸ ಎನಿಸಿದರೂ ಅರ್ಧ ತಪ್ಪುಗಳು ಅಲ್ಲೇ ಕಳಚಿಬೀಳುತ್ತವೆ. ಸಾಲು ತಪ್ಪದಿರಲೆಂದು ಚಾರ್ಟಿನ ಮೇಲೆ ಅಡ್ಡ ಪಟ್ಟಿ ಇಡುವಾಗ ಈಗ ಓದುತ್ತಿರುವ ಸಾಲಿನ ಮೇಲ್ಭಾಗ ಮುಚ್ಚುವಂತೆ ಇಡಿ, ಕೆಳಭಾಗವನ್ನಲ್ಲ. ಮುಗಿದ ಸಾಲುಗಳು ಕಾಣುತ್ತಿದ್ದರೆ ಹೊಸ ಸಾಲಿನ ಕೆಂಪು ಯಾವ ಕೆಂಪಿನ ಮೇಲೆ ಕೂರಬೇಕು ಎಂಬುದು ಕಣ್ಣಿಗೆ ತಿಳಿಯುತ್ತದೆ.

ಒಂದು ಮಾವಿನಕಾಯಿ, ಹತ್ತು ಸಾಲು

ಈಗ ನಿಜವಾದ ಚಾರ್ಟನ್ನೇ ತೆಗೆದುಕೊಳ್ಳೋಣ. ಅಗಲ 9 ಮನೆ, ಎತ್ತರ 10 ಸಾಲು. ಕಪ್ಪು ಮನೆ ಎಂದರೆ ಕೆಂಪು ಉಲ್ಲನ್, ಖಾಲಿ ಮನೆ ಎಂದರೆ ಬಿಳಿ. ಮಾವಿನ ತುದಿ ಬಲಕ್ಕೆ ಬಾಗಿದೆ, ಹೊಟ್ಟೆಯಲ್ಲಿ ಒಂದು ಬಿಳಿ ಚುಕ್ಕಿ ಇದೆ.

```
10 □□□□□■■□□
 9 □□□□■□□■□
 8 □□□□■□□□□
 7 □□□■■□□□□
 6 □□■■■■□□□
 5 □■■■■■■□□
 4 □■■□■■■□□
 3 □■■■■■■□□
 2 □□■■■■□□□
 1 □□□□□□□□□
```

ಸಂಖ್ಯೆಗಳನ್ನು ಇಲ್ಲಿ ಒಂದೇ ಕಡೆ ಬರೆದಿರುವುದು ಸಾಲು ಗುರುತಿಸಲು ಮಾತ್ರ. ಕಡ್ಡಿ ತಿರುಗಿಸಿ ಹೆಣೆಯುವ ಸ್ವೆಟರ್ ಇದು ಎಂದುಕೊಳ್ಳೋಣ. ಬೆಸ ಸಾಲುಗಳು ಮುಂಬದಿಯವು, ಸೀದಾ ಹೆಣಿಗೆ. ಸಮ ಸಾಲುಗಳು ಹಿಂಬದಿಯವು, ಉಲ್ಟಾ ಹೆಣಿಗೆ. ಬೆಸ ಸಾಲನ್ನು ಬಲದಿಂದಲೂ ಸಮ ಸಾಲನ್ನು ಎಡದಿಂದಲೂ ಓದುತ್ತಾ, ಒಂದೇ ಬಣ್ಣದ ಮನೆಗಳನ್ನು ಒಟ್ಟಿಗೆ ಎಣಿಸಿದರೆ ಹೀಗಾಗುತ್ತದೆ:

ಸಾಲು 1, ಸೀದಾ: ಬಿಳಿ 9. ಒಟ್ಟು 9.
ಸಾಲು 2, ಉಲ್ಟಾ: ಬಿಳಿ 2, ಕೆಂಪು 4, ಬಿಳಿ 3. ಒಟ್ಟು 9.
ಸಾಲು 3, ಸೀದಾ: ಬಿಳಿ 2, ಕೆಂಪು 6, ಬಿಳಿ 1. ಒಟ್ಟು 9.
ಸಾಲು 4, ಉಲ್ಟಾ: ಬಿಳಿ 1, ಕೆಂಪು 2, ಬಿಳಿ 1, ಕೆಂಪು 3, ಬಿಳಿ 2. ಒಟ್ಟು 9.
ಸಾಲು 5, ಸೀದಾ: ಬಿಳಿ 2, ಕೆಂಪು 6, ಬಿಳಿ 1. ಒಟ್ಟು 9.
ಸಾಲು 6, ಉಲ್ಟಾ: ಬಿಳಿ 2, ಕೆಂಪು 4, ಬಿಳಿ 3. ಒಟ್ಟು 9.
ಸಾಲು 7, ಸೀದಾ: ಬಿಳಿ 4, ಕೆಂಪು 2, ಬಿಳಿ 3. ಒಟ್ಟು 9.
ಸಾಲು 8, ಉಲ್ಟಾ: ಬಿಳಿ 4, ಕೆಂಪು 1, ಬಿಳಿ 4. ಒಟ್ಟು 9.
ಸಾಲು 9, ಸೀದಾ: ಬಿಳಿ 1, ಕೆಂಪು 1, ಬಿಳಿ 2, ಕೆಂಪು 1, ಬಿಳಿ 4. ಒಟ್ಟು 9.
ಸಾಲು 10, ಉಲ್ಟಾ: ಬಿಳಿ 5, ಕೆಂಪು 2, ಬಿಳಿ 2. ಒಟ್ಟು 9.

ಸಾಲಿನ ಕೊನೆಗೆ ಇರುವ ಒಟ್ಟು ಮೊತ್ತ ಶೋಭೆಗಲ್ಲ. ಚಾರ್ಟಿನಲ್ಲಿ ಒಂದು ಮನೆ ಬಿಟ್ಟುಹೋದರೆ ಕಣ್ಣಿಗೆ ಕಾಣುತ್ತದೆ. ಬರಹದಲ್ಲಿ ‘ಕೆಂಪು 6’ರ ಬದಲು ‘ಕೆಂಪು 5’ ಬಿದ್ದಿದ್ದರೆ ಓದುವವರಿಗೆ ಅನುಮಾನವೇ ಬರುವುದಿಲ್ಲ. ಮೊತ್ತ 8 ಬಂದಾಗ ಮಾತ್ರ ಗೊತ್ತಾಗುತ್ತದೆ.

ಮೊತ್ತಕ್ಕೂ ಒಂದು ಮಿತಿಯಿದೆ. ಒಂದು ಕೆಂಪು ಹೆಚ್ಚಾಗಿ ಒಂದು ಬಿಳಿ ಕಡಿಮೆಯಾದರೂ ಮೊತ್ತ 9 ಆಗಿಯೇ ಇರುತ್ತದೆ. ಅದಕ್ಕೆ ಎರಡನೇ ತಾಳೆ ಬೇಕು. ಸಾಲುಗಳ ಪ್ರಕಾರ ಕೆಂಪು ಮನೆಗಳನ್ನು ಕೂಡಿದರೆ 0, 4, 6, 5, 6, 4, 2, 1, 2, 2, ಒಟ್ಟು 32. ಈಗ ಚಾರ್ಟನ್ನು ನೆಟ್ಟಗೆ, ಕಂಬ ಕಂಬವಾಗಿ ಎಡದಿಂದ ಎಣಿಸಿದರೆ 0, 3, 5, 5, 8, 6, 4, 1, 0; ಒಟ್ಟು ಮತ್ತೆ 32. ಬರಹದಿಂದ ಬಂದ ಸಂಖ್ಯೆಯೂ ಚಿತ್ರದಿಂದ ಬಂದ ಸಂಖ್ಯೆಯೂ ಹೊಂದಿದರೆ ಎಣಿಕೆಯ ಮಟ್ಟಿಗೆ ನೆಮ್ಮದಿ.

ಮೊತ್ತ ಹಿಡಿಯದ ತಪ್ಪು

ದಿಕ್ಕಿನ ತಪ್ಪನ್ನು ಮಾತ್ರ ಯಾವ ಕೂಡುವ ಲೆಕ್ಕವೂ ಹಿಡಿಯುವುದಿಲ್ಲ. ‘ಬಿಳಿ 2, ಕೆಂಪು 6, ಬಿಳಿ 1’ ಮತ್ತು ‘ಬಿಳಿ 1, ಕೆಂಪು 6, ಬಿಳಿ 2’ ಎರಡರ ಮೊತ್ತವೂ 9, ಕೆಂಪೂ ಅಷ್ಟೇ.

ಮೇಲಿನ ಚಾರ್ಟನ್ನು ಒಬ್ಬರು ಎಲ್ಲ ಸಾಲನ್ನೂ ಎಡದಿಂದಲೇ ಓದಿ ಬರೆದರು ಎಂದುಕೊಳ್ಳಿ. ಸಮ ಸಾಲುಗಳು ಸರಿಯಾಗಿ ಬರುತ್ತವೆ, ಬೆಸ ಸಾಲುಗಳು ಕನ್ನಡಿಯಲ್ಲಿ ಕಂಡಂತೆ ತಿರುಗುತ್ತವೆ. 3 ಮತ್ತು 5ನೇ ಸಾಲಿನ ಕೆಂಪು ಒಂದು ಕುಣಿಕೆಯಷ್ಟು ಬಲಕ್ಕೆ ಜರುಗುತ್ತದೆ. ಮಾವಿನ ಹೊಟ್ಟೆಯ ಅಂಚು ಗರಗಸದಂತೆ ಕಾಣುತ್ತದೆ. 8ನೇ ಸಾಲು ಎರಡೂ ಕಡೆಯಿಂದ ಒಂದೇ ರೀತಿ ಇರುವುದರಿಂದ ಅಲ್ಲಿ ಏನೂ ತಿಳಿಯುವುದಿಲ್ಲ. 9ನೇ ಸಾಲಿಗೆ ಬಂದಾಗ ತುದಿಯ ಕೆಂಪು ಎಡಕ್ಕೆ ಹೋಗಿಬಿಡುತ್ತದೆ, 10ನೇ ಸಾಲಿನದು ಬಲದಲ್ಲೇ ಉಳಿಯುತ್ತದೆ. ತುದಿ ಎರಡು ತುಂಡು. ಹೆಣೆದ ಬಟ್ಟೆಯಲ್ಲಿ ಒಂದು ಸಾಲು ಬಿಟ್ಟು ಒಂದು ಸಾಲು ಜರುಗಿದಂತೆ ಕಂಡರೆ ಕಾರಣ ಇದೇ, ಬಿಗಿ ಸಡಿಲಿನ ದೋಷವಲ್ಲ.

ಇನ್ನೊಂದು ಬಗೆಯ ತಪ್ಪು ಮೊದಲ ಸಾಲನ್ನೇ ಹಿಂಬದಿ ಎಂದು ಎಣಿಸಿ, ಅಲ್ಲಿಂದ ಎಲ್ಲವನ್ನೂ ತಿರುವುಮುರುವು ಓದುವುದು. ಆಗ ಬಟ್ಟೆಯಲ್ಲಿ ಎಲ್ಲೂ ಗರಗಸ ಮೂಡುವುದಿಲ್ಲ; ಮಾವು ಸುಂದರವಾಗಿಯೇ ಬರುತ್ತದೆ, ತುದಿ ಮಾತ್ರ ಎಡಕ್ಕೆ ಬಾಗಿರುತ್ತದೆ. ಮಾವಿಗಾದರೆ ಪರವಾಗಿಲ್ಲ. ಮಗುವಿನ ಹೆಸರಿನ ಅಕ್ಷರಗಳಾದರೆ ಸ್ವೆಟರ್ ಬಿಚ್ಚಬೇಕಾಗುತ್ತದೆ.

ಎಡಬಲ ಒಂದೇ ಆಗಿರುವ ನಕ್ಷತ್ರ, ವಜ್ರಾಕಾರ, ಕಮಲಗಳಲ್ಲಿ ಈ ತಪ್ಪು ಇದ್ದೂ ಕಾಣುವುದಿಲ್ಲ. ಅದನ್ನೇ ಬರೆದು ಅಭ್ಯಾಸವಾದವರು ‘ನನಗೆ ಬರೆಯಲು ಬರುತ್ತದೆ’ ಎಂದುಕೊಂಡಿರುತ್ತಾರೆ. ಮೊದಲ ನವಿಲಿಗೆ ಕತ್ತು ಮುರಿಯುತ್ತದೆ. ಆದ್ದರಿಂದ ದಿಕ್ಕನ್ನು ಪರೀಕ್ಷಿಸಲು ಒಂದೇ ನಂಬಿಕೆಯ ದಾರಿಯೆಂದರೆ ಬರಹದಿಂದ ಮತ್ತೆ ಚಿತ್ರಕ್ಕೆ ಹೋಗುವುದು. ಮೂಲ ಚಾರ್ಟ್ ನೋಡದ ಇನ್ನೊಬ್ಬರ ಕೈಗೆ ಬರಹ ಮತ್ತು ಖಾಲಿ ಚೌಕುಳಿ ಹಾಳೆ ಕೊಟ್ಟು, ಬೆಸ ಸಾಲನ್ನು ಬಲದಿಂದ, ಸಮ ಸಾಲನ್ನು ಎಡದಿಂದ ತುಂಬಲು ಹೇಳಿ. ಹತ್ತು ಸಾಲಿನ ಮಾವಿಗೆ ಕೆಲವೇ ನಿಮಿಷದ ಕೆಲಸ. ಮೂಡಿದ ಚಿತ್ರ ಮೂಲದಂತೆಯೇ ಇದ್ದರೆ ಬರಹ ಸರಿ.

ಇದೇ ಮಾವನ್ನು ಟೋಪಿಗೆ ಸುತ್ತು ಹೆಣಿಗೆಯಲ್ಲಿ ಹಾಕುವುದಾದರೆ ಬೆಸ ಸಾಲುಗಳನ್ನು ಮುಟ್ಟಬೇಕಿಲ್ಲ. ಸಮ ಸಾಲುಗಳನ್ನು ಹಿಂದುಮುಂದಾಗಿಸಿ ‘ಸೀದಾ’ ಎಂದು ಬರೆದರಾಯಿತು. 4ನೇ ಸಾಲು ‘ಬಿಳಿ 2, ಕೆಂಪು 3, ಬಿಳಿ 1, ಕೆಂಪು 2, ಬಿಳಿ 1’ ಆಗುತ್ತದೆ. 10ನೆಯದು ‘ಬಿಳಿ 2, ಕೆಂಪು 2, ಬಿಳಿ 5’. ಹಾಗಾಗಿ ಬರಹದ ತಲೆಯಲ್ಲೇ ‘ತಿರುಗಿಸಿ ಹೆಣೆಯಲು’ ಅಥವಾ ‘ಸುತ್ತು ಹೆಣಿಗೆಗೆ’ ಎಂದು ಹೇಳಿರಬೇಕು. ಒಂದಕ್ಕೆ ಬರೆದದ್ದು ಇನ್ನೊಂದಕ್ಕೆ ಬಾರದು.

ಗುರುತುಗಳು ಅರ್ಥ ಬದಲಿಸುವಾಗ

ಎರಡು ಬಣ್ಣದ ಬದಲು ಒಂದೇ ಬಣ್ಣದಲ್ಲಿ, ಮಾವು ಮಾತ್ರ ಉಬ್ಬಿ ಕಾಣುವಂತೆ ಹೆಣೆಯುವುದೂ ಉಂಟು. ಅಂಥ ಚಾರ್ಟಿನಲ್ಲಿ ಖಾಲಿ ಮನೆ ನುಣುಪು, ಚುಕ್ಕಿ ಅಥವಾ ಅಡ್ಡಗೆರೆಯ ಮನೆ ಉಬ್ಬು. ಜಪಾನಿನ ಚಾರ್ಟುಗಳಲ್ಲಿ ನುಣುಪಿಗೆ ಲಂಬ ಗೆರೆ, ಉಬ್ಬಿಗೆ ಅಡ್ಡ ಗೆರೆ ಇರುತ್ತದೆ.

ಇಲ್ಲಿ ಮರೆಯಬಾರದ ಸಂಗತಿ: ಚಾರ್ಟ್ ಹೇಳುವುದು ಮುಂಬದಿಯಲ್ಲಿ ಏನು ಕಾಣಬೇಕು ಎಂದು, ಕೈ ಏನು ಮಾಡಬೇಕು ಎಂದಲ್ಲ. ಮುಂಬದಿಯಲ್ಲಿ ಸೀದಾ ಹೆಣೆದ ಕುಣಿಕೆ ಹಿಂಬದಿಯಿಂದ ನೋಡಿದರೆ ಉಲ್ಟಾ. ಆದ್ದರಿಂದ ಚುಕ್ಕಿಯಿರುವ ಮನೆ ಬೆಸ ಸಾಲಿನಲ್ಲಿ ‘ಉಲ್ಟಾ’, ಸಮ ಸಾಲಿನಲ್ಲಿ ‘ಸೀದಾ’. ನಮ್ಮ ಮಾವಿನ 3ನೇ ಸಾಲು ‘ಸೀದಾ 2, ಉಲ್ಟಾ 6, ಸೀದಾ 1’ ಆದರೆ, 2ನೇ ಸಾಲು ‘ಉಲ್ಟಾ 2, ಸೀದಾ 4, ಉಲ್ಟಾ 3’. ಚಾರ್ಟ್ ನೋಡಿ ಹೆಣೆಯುವವರು ಈ ಅದಲುಬದಲನ್ನು ಪ್ರತಿ ಸಾಲಿನಲ್ಲೂ ಮನಸ್ಸಿನಲ್ಲೇ ಮಾಡಿಕೊಳ್ಳುತ್ತಾರೆ. ಬರೆಯುವವರು ಅದನ್ನು ಒಮ್ಮೆ ಮಾಡಿಟ್ಟರೆ ಓದುವವರಿಗೆ ಆ ಹೊರೆ ಇಲ್ಲ. ಬರಹದ ದೊಡ್ಡ ಲಾಭವೇ ಇದು. ಬರೆಯುವವರು ಮರೆತರೆ ಮಾತ್ರ ಉಬ್ಬಬೇಕಾದ ಜಾಗದಲ್ಲಿ ಒಂದು ಸಾಲು ಉಬ್ಬಿ ಒಂದು ಸಾಲು ತಗ್ಗುತ್ತದೆ.

ತೂತು ತೂತಾದ ಜಾಲರಿ ಹೆಣಿಗೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅಲ್ಲಿ ಕಡ್ಡಿಗೆ ನೂಲು ಸುತ್ತಿ ಹೊಸ ಕುಣಿಕೆ ಹುಟ್ಟಿಸುತ್ತೇವೆ, ಬೇರೊಂದು ಕಡೆ ಎರಡು ಕುಣಿಕೆಯನ್ನು ಸೇರಿಸಿ ಒಂದಾಗಿಸುತ್ತೇವೆ. ಎರಡಕ್ಕೂ ಚಾರ್ಟಿನಲ್ಲಿ ಒಂದೊಂದೇ ಮನೆ. ಹಾಗಾಗಿ ಮನೆಗಳ ಮೊತ್ತವು ಸಾಲು ಮುಗಿದ ಮೇಲೆ ಕಡ್ಡಿಯಲ್ಲಿ ಎಷ್ಟು ಕುಣಿಕೆ ಇರುತ್ತವೆ ಎಂಬುದನ್ನು ಹೇಳುತ್ತದೆ, ಸಾಲಿಗೆ ಎಷ್ಟು ಬೇಕು ಎಂಬುದನ್ನಲ್ಲ. ಏಳು ಮನೆಯ ಒಂದು ಸಾಲು: ಸೀದಾ 1, ನೂಲು ಸುತ್ತು, ಎರಡು ಸೇರಿಸಿ ಒಂದು, ಸೀದಾ 1, ಎರಡು ಸೇರಿಸಿ ಒಂದು, ನೂಲು ಸುತ್ತು, ಸೀದಾ 1. ಬಳಸುವ ಕುಣಿಕೆ 1, 0, 2, 1, 2, 0, 1, ಒಟ್ಟು 7. ಹುಟ್ಟುವುದೂ 7. ಪ್ರತಿ ಸಾಲಿಗೂ ಈ ಎರಡೂ ಲೆಕ್ಕ ಮಾಡಿ, ಬಳಸಿದ್ದು ಹಿಂದಿನ ಸಾಲಿನ ಮೊತ್ತಕ್ಕೆ ಸಮವಾಗಿದೆಯೇ ಎಂದು ನೋಡಬೇಕು. ಸೇರಿಸುವ ಗುರುತು ಬಲಕ್ಕೆ ಬಾಗಿದೆಯೋ ಎಡಕ್ಕೆ ಬಾಗಿದೆಯೋ ಎಂಬುದನ್ನೂ ಬರೆಯಬೇಕು, ಏಕೆಂದರೆ ಎರಡಕ್ಕೂ ಕೈ ಕೆಲಸ ಬೇರೆ. ಬೂದು ಬಣ್ಣದ ಮನೆಗಳಿದ್ದರೆ ಸಾಮಾನ್ಯವಾಗಿ ‘ಇಲ್ಲಿ ಕುಣಿಕೆಯೇ ಇಲ್ಲ’ ಎಂದರ್ಥ. ಅವನ್ನು ಎಣಿಸದೆ ಮುಂದಿನ ಮನೆಗೆ ದಾಟಬೇಕು.

ಒಂದು ಮಾವು ಐದಾದಾಗ

ಒಂದೇ ಮಾವು ಸಾಲಾಗಿ ಐದು ಬರಬೇಕು, ಎರಡೂ ಅಂಚಿಗೆ ಬಿಳಿ 2 ಇರಬೇಕು ಎಂದಿಟ್ಟುಕೊಳ್ಳಿ. ಕುಣಿಕೆಗಳು 45 ಮತ್ತು 4, ಒಟ್ಟು 49. ಚಾರ್ಟಿನಲ್ಲಿ ಮರುಕಳಿಸುವ ಭಾಗಕ್ಕೆ ದಪ್ಪ ಚೌಕಟ್ಟು ಇರುತ್ತದೆ. ಬರಹದಲ್ಲಿ 3ನೇ ಸಾಲು ‘ಅಂಚಿಗೆ ಬಿಳಿ 2. ಆಮೇಲೆ ಬಿಳಿ 2, ಕೆಂಪು 6, ಬಿಳಿ 1, ಇದನ್ನು 5 ಸಲ. ಕೊನೆಯ ಅಂಚಿಗೆ ಬಿಳಿ 2’ ಎಂದಾಗುತ್ತದೆ. ನಕ್ಷತ್ರ ಚಿಹ್ನೆ, ಆವರಣ ಚಿಹ್ನೆಗಳಿಗಿಂತ ‘ಇದನ್ನು 5 ಸಲ’ ಎಂಬ ಮಾತೇ ಮೇಲು. ಓದಿ ಹೇಳುವ ತಂತ್ರಾಂಶ ಚಿಹ್ನೆಗಳನ್ನು ಕೆಲವೊಮ್ಮೆ ನುಂಗಿಬಿಡುತ್ತದೆ. ಎರಡು ಅಂಚುಗಳು ಸಮನಾಗಿಲ್ಲದೆ ಬಲಕ್ಕೆ 1, ಎಡಕ್ಕೆ 3 ಇದ್ದರೆ, ಹಿಂಬದಿಯ ಸಾಲು 3ರಿಂದ ಆರಂಭವಾಗುತ್ತದೆ ಎಂಬುದನ್ನು ಮರೆಯಬಾರದು.

ಚಾರ್ಟ್ ಹೇಳದ, ಆದರೆ ಬರಹ ಹೇಳಬಹುದಾದ ಸಂಗತಿಯೂ ಒಂದಿದೆ. 8ನೇ ಸಾಲಿನಲ್ಲಿ ಒಂದು ಕೆಂಪಿನಿಂದ ಮುಂದಿನ ಕೆಂಪಿಗೆ ನಡುವೆ ಬಿಳಿ ಕುಣಿಕೆ 8. ಅಷ್ಟು ದೂರ ಕೆಂಪು ನೂಲು ಹಿಂಬದಿಯಲ್ಲಿ ಸಡಿಲವಾಗಿ ತೇಲುತ್ತದೆ. ತೊಡುವಾಗ ಬೆರಳೋ ಬಳೆಯೋ ಸಿಕ್ಕಿ ಎಳೆಯುತ್ತದೆ. ಐದು ಕುಣಿಕೆಗಿಂತ ಉದ್ದ ತೇಲುವ ಕಡೆ ನಡುವೆ ಒಮ್ಮೆ ನೂಲನ್ನು ಸಿಕ್ಕಿಸಿಕೊಳ್ಳುವುದು ರೂಢಿ. ಅಂಥ ಸಾಲುಗಳ ಕೊನೆಗೆ ‘ನಡುವೆ ಕೆಂಪು ಸಿಕ್ಕಿಸಿ’ ಎಂದು ಸೇರಿಸಿದರೆ ಬರಹ ಚಾರ್ಟಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.

ಅಳತೆಯ ಮಾತನ್ನೂ ಬರಹದ ತಲೆಯಲ್ಲೇ ಹೇಳಿರಬೇಕು. ಚಾರ್ಟಿನ ಮನೆ ಸಮಚೌಕ, ಹೆಣೆದ ಕುಣಿಕೆ ಹಾಗಲ್ಲ. ಅದು ಎತ್ತರಕ್ಕಿಂತ ಅಗಲ ಹೆಚ್ಚು. 10 ಸೆಂಟಿಮೀಟರಿಗೆ 22 ಕುಣಿಕೆ, 30 ಸಾಲು ಬರುವ ಉಲ್ಲನ್ನಿನಲ್ಲಿ ನಮ್ಮ ಮಾವಿನ ಅಗಲ 4.1 ಸೆಂಟಿಮೀಟರ್, ಎತ್ತರ 3.3. ಚಾರ್ಟಿನಲ್ಲಿ ನೆಟ್ಟಗೆ ನಿಂತಿದ್ದ ಕಾಯಿ ಬಟ್ಟೆಯಲ್ಲಿ ಅದುಮಿದಂತಾಗುತ್ತದೆ. ಹೆಣಿಗೆಗೆಂದೇ ಮಾಡಿದ ಚಾರ್ಟಿನಲ್ಲಿ ಇದನ್ನು ಮೊದಲೇ ಲೆಕ್ಕ ಹಾಕಿರುತ್ತಾರೆ. ಕಸೂತಿಯಿಂದಲೋ ರಂಗೋಲಿ ಪುಸ್ತಕದಿಂದಲೋ ಎತ್ತಿಕೊಂಡ ವಿನ್ಯಾಸಕ್ಕೆ ಹೊಟ್ಟೆಯ ಭಾಗದಲ್ಲಿ ಮೂರು ನಾಲ್ಕು ಸಾಲು ಹೆಚ್ಚಿಸಬೇಕಾಗುತ್ತದೆ.

ರಂಗೋಲಿಗೆ ಈ ನಿಯಮ ಸಾಲದು

ಚುಕ್ಕಿ ರಂಗೋಲಿಯ ಅರ್ಧ ಭಾಗ ಮೊದಲಿನಿಂದಲೂ ಸಾಲು ಸಾಲಾಗಿಯೇ ಬಾಯಿಂದ ಬಾಯಿಗೆ ಬಂದಿದೆ. ‘7ರಿಂದ 1 ನೇರ ಚುಕ್ಕಿ’ ಎಂದರೆ 1, 3, 5, 7, 5, 3, 1. ಒಟ್ಟು 25 ಚುಕ್ಕಿ, ಒಂದರ ಕೆಳಗೊಂದು. ‘7ರಿಂದ 4 ಸಂದು ಚುಕ್ಕಿ’ ಎಂದರೆ 4, 5, 6, 7, 6, 5, 4. ಒಟ್ಟು 37, ಪ್ರತಿ ಚುಕ್ಕಿಯೂ ಪಕ್ಕದ ಸಾಲಿನ ಎರಡು ಚುಕ್ಕಿಗಳ ಸಂದಿನಲ್ಲಿ. ಸ್ಕ್ರೀನ್‌ಶಾಟಿನಲ್ಲಿ ಗೆರೆಗಳ ಅಡಿಯಲ್ಲಿ ಚುಕ್ಕಿ ಮರೆಯಾಗಿದ್ದಾಗ ನೇರವೋ ಸಂದೋ ಎಂದು ತಿಳಿಯಲು ಅಂಚಿನ ಎರಡು ಸಾಲು ಎಣಿಸಿದರೆ ಸಾಕು. ಇಂಥ ಆಕಾರದಲ್ಲಿ ಸಾಲಿಂದ ಸಾಲಿಗೆ ವ್ಯತ್ಯಾಸ 2 ಇದ್ದರೆ ನೇರ, 1 ಇದ್ದರೆ ಸಂದು.

ಕಷ್ಟ ಬರುವುದು ಗೆರೆಗಳಲ್ಲಿ. ಹೆಣಿಗೆಯ ಸಾಲು ತನ್ನಷ್ಟಕ್ಕೆ ಮುಗಿಯುತ್ತದೆ. ರಂಗೋಲಿಯ ಗೆರೆ ಸಾಲಿಂದ ಸಾಲಿಗೆ ಹಾಯುತ್ತದೆ. ಹಾಗಾಗಿ ಎರಡು ಬಗೆಯ ಸೂಚನೆ ಬೇಕು: ಒಂದೇ ಸಾಲಿನೊಳಗೆ ಯಾವ ಚುಕ್ಕಿಗಳನ್ನು ಕೂಡಿಸಬೇಕು, ಮತ್ತು ಆ ಸಾಲಿನಿಂದ ಮುಂದಿನ ಸಾಲಿಗೆ ಯಾವುದರಿಂದ ಯಾವುದಕ್ಕೆ ಎಳೆಯಬೇಕು. ಮೂರು ಸಾಲು, ಸಾಲಿಗೆ ಮೂರು ಚುಕ್ಕಿಯ ಮೇಲೆ ಓರೆ ಚೌಕ ಬರೆಯುವುದನ್ನು ನೋಡಿ. ಸಾಲು 1ರಿಂದ 2ಕ್ಕೆ: 2ನೇ ಚುಕ್ಕಿಯಿಂದ ಕೆಳಗಿನ 1ನೆಯದಕ್ಕೆ, 2ನೆಯದರಿಂದ ಕೆಳಗಿನ 3ನೆಯದಕ್ಕೆ. ಸಾಲು 2ರಿಂದ 3ಕ್ಕೆ: 1ನೆಯದರಿಂದ ಕೆಳಗಿನ 2ನೆಯದಕ್ಕೆ, 3ನೆಯದರಿಂದ ಕೆಳಗಿನ 2ನೆಯದಕ್ಕೆ. ಸಾಲಿನೊಳಗೆ ಯಾವ ಗೆರೆಯೂ ಇಲ್ಲ.

ಇಂಥ ವಿನ್ಯಾಸಗಳನ್ನು ಬರೀ ನಿಯಮಗಳಿಂದ ಹುಟ್ಟಿಸಬಹುದು ಎಂಬುದನ್ನು ಗಿಫ್ಟ್ ಸಿರೊಮೊನಿ, ರಾಣಿ ಸಿರೊಮೊನಿ ಮತ್ತು ಕಮಲಾ ಕೃತಿವಾಸನ್ ತಮಿಳುನಾಡಿನ ಕೋಲಂ ಇಟ್ಟುಕೊಂಡು 1974ರಲ್ಲೇ ಪ್ರಬಂಧವೊಂದರಲ್ಲಿ ತೋರಿಸಿದ್ದರು. ಆದರೆ ಚುಕ್ಕಿಗಳ ಸುತ್ತ ಬಳಸಿ ಹೋಗುವ ಎಳೆ ರಂಗೋಲಿಗೆ ಮೇಲಿನ ಬಗೆಯ ಬರಹ ಸಾಲದು. ಅಲ್ಲಿ ಎಳೆ ಚುಕ್ಕಿಯನ್ನು ಮುಟ್ಟುವುದೇ ಇಲ್ಲ. ಪಕ್ಕಪಕ್ಕದ ಎರಡು ಚುಕ್ಕಿಗಳ ನಡುವೆ ಎಳೆಗಳು ಅಡ್ಡ ಹಾಯುತ್ತವೆಯೋ ಅಥವಾ ಬಾಗಿ ಹಿಂದಿರುಗುತ್ತವೆಯೋ ಎಂಬುದನ್ನು ಪ್ರತಿ ಸಂದಿಗೂ ಹೇಳಬೇಕು.

ಕ್ರಮವೂ ಬೇರೆ. ಅಂಗಳದಲ್ಲಿ ಬಾಗಿದವರು ಸಾಮಾನ್ಯವಾಗಿ ಎಲ್ಲಕ್ಕಿಂತ ಉದ್ದದ ನಡುಸಾಲನ್ನು ಮೊದಲು ಇಟ್ಟು, ಅದರ ಆಧಾರದಲ್ಲಿ ಆಚೆ ಈಚೆ ಸಾಲುಗಳನ್ನು ಇಡುತ್ತಾರೆ. ಮೇಲಿನಿಂದ 1, 2, 3 ಎಂದು ಸಂಖ್ಯೆ ಕೊಟ್ಟ ಬರಹ ಅವರಿಗೆ ತೊಡಕು. ‘ನಡುಸಾಲು 7, ಅದರ ಮೇಲೆ 6, ಕೆಳಗೆ 6, ಆಮೇಲೆ 5’ ಎಂದರೆ ಕೈಗೆ ನೇರವಾಗಿ ಹೊಂದುತ್ತದೆ.

ಬರೆದು ಮುಗಿಸಿದವರಿಗೆ ಕೊನೆಯದಾಗಿ ಹೇಳಬೇಕಾದ್ದು ಇಷ್ಟು. ಹಣ ಕೊಟ್ಟು ಕೊಂಡ ವಿನ್ಯಾಸವಾದರೆ ನಿಮ್ಮ ಬಳಕೆಗೆ ಬರೆದುಕೊಳ್ಳಿ, ಹಂಚುವ ಮುನ್ನ ವಿನ್ಯಾಸ ಮಾಡಿದವರನ್ನು ಕೇಳಿ. ಬರಹದ ತಲೆಯಲ್ಲಿ ಅಗಲ, ಎತ್ತರ, ತಿರುಗಿಸಿ ಹೆಣೆಯುವುದೋ ಸುತ್ತು ಹೆಣಿಗೆಯೋ ಎಂಬುದನ್ನು ನಮೂದಿಸಿ. ಪ್ರತಿ ಸಾಲಿನ ಕೊನೆಗೆ ಮೊತ್ತ ಹಾಕಿ. ನಿಮಗೆ ಯಾರಾದರೂ ಕಳಿಸಿದ ಬರಹದಲ್ಲಿ ಇವು ಇಲ್ಲದಿದ್ದರೆ ಕುಣಿಕೆ ಹಾಕುವ ಮೊದಲು ಒಮ್ಮೆ ಚೌಕುಳಿ ಹಾಳೆಯ ಮೇಲೆ ತುಂಬಿ ನೋಡಿ. ಹಾಳೆಯ ತಪ್ಪನ್ನು ರಬ್ಬರಿನಿಂದ ಅಳಿಸಬಹುದು, ಸ್ವೆಟರಿನದನ್ನು ಬಿಚ್ಚಿಯೇ ತೀರಬೇಕು.